ಫೋಟೊದಿಂದ ಕ್ಯಾಟಲಾಗ್ ಚಿತ್ರ: ಚನ್ನಪಟ್ಟಣದ ಬೊಂಬೆಗಳ ಬಣ್ಣ ಕೆಡದ ಹಾಗೆ

ಅಂಗಡಿಯ ಕ್ಯಾಟಲಾಗಿಗೆ ಫೋಟೊ ಬದಲು ಚಿತ್ರ ಹಾಕಿದರೆ ನೋಡಲು ಅಚ್ಚುಕಟ್ಟಾಗಿರುತ್ತದೆ. ಒಂದು ಫೋಟೊ ಬೆಳಿಗ್ಗೆ ತೆಗೆದದ್ದು, ಇನ್ನೊಂದು ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು, ಮೂರನೆಯದರಲ್ಲಿ ಹಿಂದೆ ಗೋಡೆಯ ಕ್ಯಾಲೆಂಡರ್ ಇಣುಕುತ್ತಿದೆ ಎನ್ನುವ ಗೋಜು ಇರುವುದಿಲ್ಲ. ಆದರೆ ಫೋಟೊವನ್ನು ಚಿತ್ರ ಮಾಡುವಾಗ ಮೊದಲು ಕೆಡುವುದು ಬಣ್ಣ. ಅರಿಶಿನದ ಹಳದಿ ನಿಂಬೆಹಣ್ಣಿನ ಹಳದಿಯಾಗುತ್ತದೆ, ಅರಗಿನ ಕೆಂಪು ಕಿತ್ತಳೆಗೆ ವಾಲುತ್ತದೆ. ಗ್ರಾಹಕರು ಒಂದು ಬಣ್ಣ ನೋಡಿ ಆರ್ಡರ್ ಮಾಡುತ್ತಾರೆ, ಮನೆಗೆ ಇನ್ನೊಂದು ಬಣ್ಣ ಬರುತ್ತದೆ.

ಇದಕ್ಕೆ ಉಪಾಯ ಒಂದೇ: ಆಕಾರದ ಕೆಲಸ ಬೇರೆ, ಬಣ್ಣದ ಕೆಲಸ ಬೇರೆ ಎಂದು ಮೊದಲಿನಿಂದಲೇ ಇಟ್ಟುಕೊಳ್ಳುವುದು. ಆಕಾರವನ್ನು ಎಷ್ಟು ಬೇಕಾದರೂ ಸರಳ ಮಾಡಬಹುದು. ಬಣ್ಣವನ್ನು ಮಾತ್ರ ಕಣ್ಣಂದಾಜಿನಲ್ಲಿ ಹಾಕಬಾರದು, ವಸ್ತುವಿನಿಂದಲೇ ಅಳೆದು ತರಬೇಕು.

ಇಲ್ಲಿ ಚನ್ನಪಟ್ಟಣದ ಬುಗುರಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೆಂಪು ಮೈ, ನಡುವೆ ಹಳದಿ ಪಟ್ಟಿ, ಮೇಲೆ ಬಣ್ಣ ಹಚ್ಚದ ಮರದ ಹಿಡಿ. ಈ ಬೊಂಬೆಗಳನ್ನು ಸಾಮಾನ್ಯವಾಗಿ ಆಲೆ ಮರದಲ್ಲಿ ಕಡೆಯುತ್ತಾರೆ. ಲೇತಿನಲ್ಲಿ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ನಮ್ಮ ಕೆಲಸಕ್ಕೆ ಇದರಿಂದ ಒಂದು ಅನುಕೂಲ, ಒಂದು ತೊಂದರೆ. ಲೇತಿನಲ್ಲಿ ತಿರುಗಿಸಿದ್ದರಿಂದ ಆಕಾರದ ಎಡಬಲ ಒಂದೇ ಥರ ಇರುತ್ತದೆ, ಬಿಡಿಸುವುದು ಸುಲಭ. ಆದರೆ ಆ ಹೊಳಪು ಕ್ಯಾಮೆರಾಗೆ ಸುಳ್ಳು ಬಣ್ಣ ತೋರಿಸುತ್ತದೆ.

ಫೋಟೊ ತೆಗೆಯುವಾಗ

ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ. ಮನೆಯೊಳಗಿನ ದೀಪಗಳನ್ನೆಲ್ಲ ಆರಿಸಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕಿಟಕಿಯ ಬೆಳಕು ಒಂದು ಬಣ್ಣ, ಬಲ್ಬಿನ ಬೆಳಕು ಇನ್ನೊಂದು ಬಣ್ಣ. ಎರಡೂ ಸೇರಿದರೆ ಬುಗುರಿಯ ಒಂದು ಕಡೆ ನೀಲಿಯತ್ತ, ಇನ್ನೊಂದು ಕಡೆ ಹಳದಿಯತ್ತ ವಾಲುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ.

ಹಿನ್ನೆಲೆಗೆ ಬೂದು ಬಣ್ಣದ ಚಾರ್ಟ್ ಪೇಪರ್ ಸಾಕು. ಒಮ್ಮೆಗೆ ಒಂದೇ ಬೊಂಬೆ ಇಡಿ. ಹೊಳಪಿನ ಹಳದಿ ಬೊಂಬೆ ಪಕ್ಕದಲ್ಲಿ ಕೆಂಪು ಬೊಂಬೆ ಇದ್ದರೆ ಹಳದಿಯ ಮೇಲೆ ಕೆಂಪಿನ ಛಾಯೆ ಬೀಳುತ್ತದೆ. ಕಿಟಕಿಯ ಎದುರು ಬದಿಯಲ್ಲಿ, ಅಂದರೆ ಬೊಂಬೆಯ ನೆರಳಿನ ಕಡೆ, ಒಂದು ಕಪ್ಪು ಬಟ್ಟೆಯನ್ನೋ ಕಪ್ಪು ರಟ್ಟನ್ನೋ ನಿಲ್ಲಿಸಿ. ಬಿಳಿ ಗೋಡೆ ಹೊಳಪಿನ ಮೈಮೇಲೆ ಪ್ರತಿಫಲಿಸಿದರೆ ಇಡೀ ಬಣ್ಣದ ಮೇಲೆ ತೆಳುವಾಗಿ ಹಾಲು ಸವರಿದ ಹಾಗೆ ಕಾಣುತ್ತದೆ. ಕಪ್ಪು ಬಟ್ಟೆ ಅದನ್ನು ತಡೆಯುತ್ತದೆ.

ಬುಗುರಿ ತಾನಾಗಿ ನಿಲ್ಲುವುದಿಲ್ಲ. ಮೊಳೆಯ ಕೆಳಗೆ ಚಪಾತಿ ಹಿಟ್ಟಿನ ಸಣ್ಣ ಉಂಡೆ ಇಟ್ಟರೆ ನೆಟ್ಟಗೆ ನಿಲ್ಲುತ್ತದೆ. ಕ್ಯಾಮೆರಾ ಬುಗುರಿಯ ನಡುಮಟ್ಟಕ್ಕೇ ಇರಲಿ. ಸುಮಾರು ಒಂದೂವರೆ ಮೀಟರ್ ದೂರ ನಿಂತು ಫೋನಿನ 2x ಲೆನ್ಸ್ ಬಳಸಿ. ಹತ್ತಿರದಿಂದ ತೆಗೆದರೆ ನಡು ಉಬ್ಬಿದಂತೆ ಕಾಣುತ್ತದೆ, ಪಟ್ಟಿಗಳು ಬಾಗುತ್ತವೆ. ದೂರದಿಂದ, ಮಟ್ಟಕ್ಕೆ ತೆಗೆದರೆ ಪಟ್ಟಿಗಳು ಹೆಚ್ಚುಕಡಿಮೆ ನೇರ ಗೆರೆಗಳಾಗಿ ಬರುತ್ತವೆ. ಮುಂದೆ ಬಿಡಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಕ್ಯಾಟಲಾಗಿನ ಎಲ್ಲ ಬೊಂಬೆಗಳಿಗೂ ಇದೇ ದೂರ, ಇದೇ ಎತ್ತರ ಇರಲಿ.

ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಅದಕ್ಕೆ ಹೋಗಿ ವೈಟ್ ಬ್ಯಾಲೆನ್ಸನ್ನು 5500K ಹತ್ತಿರ ಒಂದೇ ಕಡೆ ನಿಲ್ಲಿಸಿ. ಎಚ್‌ಡಿಆರ್, ಬ್ಯೂಟಿ, ಫಿಲ್ಟರ್ ಏನೂ ಬೇಡ. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಕೆಂಪು ಬೊಂಬೆ ಬಂದಾಗ ಫೋನು ತಾನಾಗಿ ಚಿತ್ರವನ್ನು ತಂಪು ಮಾಡುತ್ತದೆ, ನೀಲಿ ಬೊಂಬೆ ಬಂದಾಗ ಬೆಚ್ಚಗೆ ಮಾಡುತ್ತದೆ. ಇಡೀ ಸೆಟ್ಟಿನಲ್ಲಿ ಒಂದಕ್ಕೊಂದು ಹೊಂದದ ಹಾಗಾಗುತ್ತದೆ.

ಇನ್ನು ಮುಖ್ಯವಾದದ್ದು ಗ್ರೇ ಕಾರ್ಡ್, ಅಂದರೆ ಬಣ್ಣ ಸರಿಮಾಡಲು ಅಳತೆಗೋಲಾಗಿ ಇಡುವ ಬೂದು ಬಣ್ಣದ ಕಾರ್ಡ್. ಫೋಟೊ ಸಾಮಾನು ಮಾರುವ ಅಂಗಡಿಗಳಲ್ಲಿ 18% ಗ್ರೇ ಕಾರ್ಡ್ ಸಿಗುತ್ತದೆ. ಪ್ರತಿ ಬೊಂಬೆಯ ಮೊದಲ ಫೋಟೊದಲ್ಲಿ ಅದು ಬೊಂಬೆಯ ಪಕ್ಕದಲ್ಲೇ, ಅದೇ ಬೆಳಕಿನಲ್ಲಿ ಇರಬೇಕು. ಇದರ ಬದಲು ಬಿಳಿ ಎ4 ಹಾಳೆ ಇಟ್ಟರೆ ಆಗುವುದಿಲ್ಲ. ಝೆರಾಕ್ಸ್ ಹಾಳೆ ಬೆಳ್ಳಗೆ ಕಾಣಲಿ ಎಂದು ಅದರಲ್ಲಿ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ಕಿಟಕಿ ಬೆಳಕಿನಲ್ಲಿ ಅದು ಸ್ವಲ್ಪ ನೀಲಿಯಾಗಿ ಹೊಳೆಯುತ್ತದೆ. ಆ ನೀಲಿಯನ್ನು ಬಿಳಿ ಎಂದುಕೊಂಡು ಸರಿಮಾಡಿದರೆ ಬೊಂಬೆಗಳೆಲ್ಲ ಹಳದಿಗೆ ತಿರುಗುತ್ತವೆ. ಗ್ರೇ ಕಾರ್ಡ್ ಸಿಗದಿದ್ದರೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ರಟ್ಟಿನ ಮೇಲೆ ಹತ್ತಾರು ಪದರ ದಪ್ಪಗೆ ಸುತ್ತಿ ಇಡಿ. ಅದರ ಬಿಳುಪಿನಲ್ಲಿ ಯಾವ ಕಡೆಗೂ ವಾಲು ಇರುವುದಿಲ್ಲ. ಆದರೆ ಅದರಿಂದ ಬಣ್ಣದ ವಾಲು ಮಾತ್ರ ತಿದ್ದಬಹುದು. ಮುಂದೆ ಬರುವ ಬೆಳಕಿನ ಅಳತೆಗೆ ಗ್ರೇ ಕಾರ್ಡೇ ಬೇಕು.

ಬಣ್ಣ ಅಳೆದು ಬರೆದಿಡುವುದು

ಫೋಟೊವನ್ನು ಗಿಂಪ್‌ನಲ್ಲಿ ತೆರೆಯಿರಿ. ಇದು ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್. `Colors > Levels` ಒಳಗೆ ಮೂರು ಡ್ರಾಪರ್‌ಗಳಿವೆ. ನಡುವಿನ, ಬೂದು ಬಣ್ಣದ ಡ್ರಾಪರ್ ಹಿಡಿದು ಫೋಟೊದಲ್ಲಿರುವ ಗ್ರೇ ಕಾರ್ಡಿನ ಮೇಲೆ ಒತ್ತಿ. ಬಣ್ಣದ ವಾಲು ಸರಿಹೋಗುತ್ತದೆ. ಈಗ ಕಾರ್ಡಿನ ಮೇಲೆ ಬಣ್ಣ ಓದಿದರೆ ಕೆಂಪು, ಹಸಿರು, ನೀಲಿಯ ಮೂರೂ ಸಂಖ್ಯೆ ಹತ್ತಿರ ಹತ್ತಿರ ಒಂದೇ ಇರಬೇಕು, 118ರ ಆಸುಪಾಸಿನಲ್ಲಿರಬೇಕು. ಮೂರೂ 90 ಎಂದು ಬಂದರೆ ವಾಲು ಸರಿಯಿದೆ, ಫೋಟೊ ಕಪ್ಪಾಗಿದೆ ಎಂದರ್ಥ. ಲೆವೆಲ್ಸ್‌ನ ನಡುವಿನ ಗುಂಡಿಯನ್ನು ಸರಿಸಿ 118ಕ್ಕೆ ತನ್ನಿ. ಫೋನುಗಳು ತಮ್ಮದೇ ರೀತಿಯಲ್ಲಿ ಚಿತ್ರಕ್ಕೆ ಮೆರುಗು ಕೊಡುವುದರಿಂದ ಈ ಸಂಖ್ಯೆ ಒಂದೆರಡು ಹೆಚ್ಚುಕಡಿಮೆ ಆದರೂ ಚಿಂತೆಯಿಲ್ಲ. ಎಲ್ಲ ಬೊಂಬೆಗಳಿಗೂ ಒಂದೇ ಆಗಿರುವುದು ಮುಖ್ಯ.

ಈಗ ಕಲರ್ ಪಿಕರ್ ತೆಗೆದುಕೊಳ್ಳಿ. `Sample average` ಆನ್ ಮಾಡಿ, ರೇಡಿಯಸ್ 15ರಷ್ಟು ಇಡಿ. ಒಂದೇ ಪಿಕ್ಸೆಲ್ ಓದಿದರೆ ಕ್ಯಾಮೆರಾದ ಕಾಳುಕಾಳು ಗದ್ದಲವನ್ನು ಬಣ್ಣ ಎಂದುಕೊಂಡಂತೆ ಆಗುತ್ತದೆ.

ಎಲ್ಲಿ ಓದಬೇಕು ಎನ್ನುವುದರಲ್ಲೇ ಅರ್ಧ ಕೆಲಸ ಇದೆ. ಬುಗುರಿಯ ಕೆಂಪು ಮೈಯನ್ನು ಕಿಟಕಿ ಕಡೆಯಿಂದ ನೋಡುತ್ತ ಬನ್ನಿ. ಮೊದಲು ಬಿಳಿಯಾಗಿ ಹೊಳೆಯುವ ಜಾಗ. ಅದು ಕಿಟಕಿಯ ಪ್ರತಿಬಿಂಬ, ಬೊಂಬೆಯ ಬಣ್ಣವಲ್ಲ. ಅದರ ಅಂಚಿನಲ್ಲಿ ಮಾಸಲು ಗುಲಾಬಿ ಛಾಯೆಯ ಜಾಗ, ಅಲ್ಲೂ ಪ್ರತಿಬಿಂಬ ಬೆರೆತಿದೆ. ಆಮೇಲೆ ತುಂಬಿದ ಕೆಂಪು ಬರುತ್ತದೆ. ಅದರಾಚೆ ನೆರಳು ಶುರುವಾಗುತ್ತದೆ. ಆ ತುಂಬಿದ ಕೆಂಪಿನ ಜಾಗದಲ್ಲೇ ಮೂರು ನಾಲ್ಕು ಕಡೆ ಓದಿ, ನಡುವಿನದನ್ನು ಆರಿಸಿ. ನಮ್ಮ ಬುಗುರಿಯಲ್ಲಿ ಕೆಂಪು 192, 57, 43 ಎಂದು ಬಂತು ಅಂದುಕೊಳ್ಳೋಣ. ಹಳದಿ ಪಟ್ಟಿ 224, 160, 32.

ಇದನ್ನು ಮೂಲ ಬಣ್ಣ ಎಂದು ಕರೆಯೋಣ. ಚಿತ್ರಕ್ಕೆ ಇದರ ಜೊತೆ ಒಂದು ನೆರಳಿನ ಬಣ್ಣ, ಒಂದು ಬೆಳಕಿನ ಬಣ್ಣ ಸಾಕು. ಅವನ್ನು ಫೋಟೊದಿಂದ ಓದಬೇಡಿ. ಫೋಟೊದ ನೆರಳಿನಲ್ಲಿ ಮೇಜಿನ ಬಣ್ಣ, ಗೋಡೆಯ ಬಣ್ಣ ಎಲ್ಲ ಸೇರಿರುತ್ತದೆ. ಮೂಲ ಬಣ್ಣದಿಂದಲೇ ಒಂದು ನಿಯಮದ ಪ್ರಕಾರ ಹೊರಡಿಸಿ. ಗಿಂಪ್‌ನ ಬಣ್ಣದ ಕಿಟಕಿಯಲ್ಲಿ `LCh` ಎಂಬ ಆಯ್ಕೆ ಇದೆ. L ಎಂದರೆ ಎಷ್ಟು ಬೆಳ್ಳಗಿದೆ, C ಎಂದರೆ ಎಷ್ಟು ಗಾಢವಾಗಿದೆ, h ಎಂದರೆ ಯಾವ ಬಣ್ಣ. ನೆರಳಿಗೆ L ಅನ್ನು 12ರಷ್ಟು ಇಳಿಸಿ, C ಅನ್ನು 10ರಷ್ಟು ಇಳಿಸಿ, h ಮುಟ್ಟಬೇಡಿ. ಬೆಳಕಿಗೆ L ಅನ್ನು 12ರಷ್ಟು ಏರಿಸಿ, C ಸ್ವಲ್ಪ ಇಳಿಸಿ. ಕೆಂಪಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನೀಲಿಗೂ ಹಸಿರಿಗೂ ಇದೇ ನಿಯಮದಿಂದ ಶುರುಮಾಡಬಹುದು.

ಹಳದಿಗೆ ಮಾತ್ರ ಈ ನಿಯಮ ನಡೆಯುವುದಿಲ್ಲ. ಹಳದಿಯನ್ನು ಬರೀ ಕಪ್ಪು ಮಾಡಿದರೆ ನಮ್ಮ ಕಣ್ಣಿಗೆ ಅದು ಹಸಿರು ಮಿಶ್ರಿತ ಕಂದು ಬಣ್ಣವಾಗಿ ಕಾಣುತ್ತದೆ. ಬುಗುರಿಗೆ ಪಾಚಿ ಹಿಡಿದಿದೆಯೇನೋ ಅನ್ನಿಸುತ್ತದೆ. ಆದ್ದರಿಂದ ಹಳದಿಯ ನೆರಳಿಗೆ h ಅನ್ನು ಕಿತ್ತಳೆಯ ಕಡೆಗೆ ಸ್ವಲ್ಪ ಸರಿಸಿ, ಮತ್ತು ಆ ನೆರಳಿನ ಜಾಗವನ್ನು ಚಿಕ್ಕದಾಗಿಡಿ.

ಹೀಗೆ ಬಂದ ಬಣ್ಣಗಳನ್ನು ಒಂದು ಪ್ಯಾಲೆಟ್ ಫೈಲಿನಲ್ಲಿ ಬರೆದಿಡಿ. ನೋಟ್‌ಪ್ಯಾಡಿನಲ್ಲಿ ಬರೆದು `.gpl` ಎಂದು ಸೇವ್ ಮಾಡಿದರೆ ಗಿಂಪ್ ಮತ್ತು ನಾವು ಮುಂದೆ ಚಿತ್ರ ಬಿಡಿಸಲು ಬಳಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಎರಡೂ ಓದುತ್ತವೆ:

```
GIMP Palette
Name: Buguri
Columns: 3
#
192  57  43  kempu
145  38  28  kempu-neralu
224  97  77  kempu-belaku
224 160  32  haladi
190 118  20  haladi-neralu
```

ಎರಡೂ ಸಾಫ್ಟ್‌ವೇರ್‌ಗಳ ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ `palettes` ಎಂಬ ಜಾಗವಿದೆ. ಫೈಲನ್ನು ಅಲ್ಲಿ ಹಾಕಿ ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಬಣ್ಣಗಳು ಬಂದಿರುತ್ತವೆ. ಹೆಸರು ಇಡುವಾಗ ಸೋಮಾರಿತನ ಬೇಡ. ನಾಲ್ಕು ಥರದ ಕೆಂಪು ಸೇರಿದ ಮೇಲೆ ಯಾವುದು ಯಾವ ಬೊಂಬೆಯದ್ದು ಎಂದು ಹುಡುಕುವುದು ಕಷ್ಟ.

ಆಕಾರ ಬಿಡಿಸುವುದು

ಇಂಕ್‌ಸ್ಕೇಪ್‌ನಲ್ಲಿ ಫೋಟೊ ಹಾಕಿ, ಆ ಲೇಯರಿನ ಒಪ್ಯಾಸಿಟಿಯನ್ನು ಅರ್ಧಕ್ಕೆ ಇಳಿಸಿ ಲಾಕ್ ಮಾಡಿ. `Path > Trace Bitmap` ಎಂಬ ಆಯ್ಕೆ ಇದೆ, ಫೋಟೊವನ್ನು ತಾನೇ ಚಿತ್ರ ಮಾಡಿಕೊಡುತ್ತದೆ. ಹೊಳಪಿನ ಬೊಂಬೆಗೆ ನಾನದನ್ನು ಬಳಸುವುದಿಲ್ಲ. ಹೊಳಪಿನ ಚುಕ್ಕೆ, ಛಾಯೆ, ನೆರಳು ಎಲ್ಲವನ್ನೂ ಅದು ಬೇರೆ ಬೇರೆ ತುಂಡು ಮಾಡುತ್ತದೆ, ಪ್ರತಿ ತುಂಡಿಗೂ ತನ್ನದೇ ಬಣ್ಣ ಕೊಡುತ್ತದೆ. ಅದನ್ನು ಒಪ್ಪ ಮಾಡುವ ಹೊತ್ತಿಗೆ ಹೊಸದಾಗಿ ಬಿಡಿಸಿ ಮುಗಿಸಬಹುದು.

ಬುಗುರಿಯ ನಟ್ಟನಡುವೆ ಒಂದು ನೇರ ಗೈಡ್ ಗೆರೆ ಎಳೆಯಿರಿ. ಪೆನ್ ಟೂಲಿನಿಂದ ಎಡ ಅರ್ಧದ ಅಂಚನ್ನು ಮಾತ್ರ ಬಿಡಿಸಿ. ಎಷ್ಟು ಕಡಿಮೆ ಬಿಂದುಗಳಲ್ಲಿ ಮುಗಿಯುತ್ತದೋ ಅಷ್ಟು ಒಳ್ಳೆಯದು, ಬುಗುರಿಗೆ ಏಳೆಂಟು ಸಾಕು. Ctrl+D ಒತ್ತಿ ನಕಲು ಮಾಡಿ, H ಒತ್ತಿ ತಿರುಗಿಸಿ, ಬಲಕ್ಕೆ ಸರಿಸಿ. ಎರಡು ಅರ್ಧಗಳು ನಡುವೆ ಕೂದಲೆಳೆಯಷ್ಟು ಒಂದರ ಮೇಲೊಂದು ಬರಲಿ. ಎರಡನ್ನೂ ಆರಿಸಿ `Path > Union` ಕೊಟ್ಟರೆ ಇಡೀ ಮೈ ಸಿದ್ಧ.

ಹಳದಿ ಪಟ್ಟಿಗೆ ಒಂದು ಆಯತ ಎಳೆಯಿರಿ, ಮೈಯ ನಕಲಿನ ಜೊತೆ `Path > Intersection` ಕೊಡಿ. ಆಯತ ಬುಗುರಿಯ ಅಂಚಿಗೆ ಸರಿಯಾಗಿ ಕತ್ತರಿಸಿಕೊಳ್ಳುತ್ತದೆ. ಫೋಟೊವನ್ನು ಮಟ್ಟಕ್ಕೆ ತೆಗೆದದ್ದರ ಲಾಭ ಇಲ್ಲಿ ಸಿಗುತ್ತದೆ, ಪಟ್ಟಿ ಬಾಗಿದ್ದರೆ ಆಯತದಿಂದ ಕೆಲಸ ಆಗುತ್ತಿರಲಿಲ್ಲ.

ನೆರಳಿಗೆ ಮೈಯ ಎರಡು ನಕಲು ತೆಗೆದುಕೊಂಡು ಮೇಲಿನದನ್ನು ಸ್ವಲ್ಪ ಎಡಕ್ಕೆ ಸರಿಸಿ, `Path > Difference` ಕೊಡಿ. ಬಲ ಅಂಚಿನಲ್ಲಿ ಎಳೆಚಂದ್ರನ ಆಕಾರ ಉಳಿಯುತ್ತದೆ. ತುಂಬ ಜನ ಇದಕ್ಕೆ ಕಪ್ಪು ಬಣ್ಣ ತುಂಬಿ ಪಾರದರ್ಶಕ ಮಾಡಿಬಿಡುತ್ತಾರೆ. ಬೇಗ ಆಗುತ್ತದೆ ನಿಜ, ಆದರೆ ಕೆಂಪು ಮಂಕಾಗುತ್ತದೆ, ಹಳದಿಗೆ ಆಗಲೇ ಹೇಳಿದ ಪಾಚಿ ಹಿಡಿಯುತ್ತದೆ. ನೆರಳಿನ ಆಕಾರವನ್ನು ಪಟ್ಟಿಯ ಜಾಗದಲ್ಲಿ ಕತ್ತರಿಸಿ, ಕೆಂಪಿನ ಮೇಲೆ ಕೆಂಪಿನ ನೆರಳು, ಹಳದಿಯ ಮೇಲೆ ಹಳದಿಯ ನೆರಳು ತುಂಬಿ.

ಮೂಲ ಬಣ್ಣಕ್ಕೆ ಎಷ್ಟು ಜಾಗ ಕೊಡುತ್ತೀರಿ ಎನ್ನುವುದು ಬಣ್ಣದ ಸಂಖ್ಯೆಯಷ್ಟೇ ಮುಖ್ಯ. ಕಣ್ಣು ಇಡೀ ಬೊಂಬೆಯನ್ನು ಒಟ್ಟಾಗಿ ನೋಡುತ್ತದೆ. ಅರ್ಧ ಮೈ ನೆರಳಾದರೆ, ಮೂಲ ಬಣ್ಣ ಎಷ್ಟೇ ಸರಿಯಿದ್ದರೂ ನೋಡುವವರಿಗೆ ಅದು ಕಡುಗೆಂಪು ಬುಗುರಿ. ನಾನು ಸುಮಾರು 70 ಭಾಗ ಮೂಲ ಬಣ್ಣ, 20 ಭಾಗ ನೆರಳು, 10 ಭಾಗ ಬೆಳಕು ಎಂದು ಇಡುತ್ತೇನೆ. ಹೊಳಪು ತೋರಿಸಲು ಬಿಳಿಯ ಒಂದು ಚಿಕ್ಕ ಗೆರೆ ಸಾಕು, ಎಲ್ಲ ಬೊಂಬೆಗಳಲ್ಲೂ ಅದು ಎಡಮೇಲಿನ ಒಂದೇ ಜಾಗದಲ್ಲಿ ಬರಲಿ.

ಅಂಚಿನ ಗೆರೆಗೆ ಕಪ್ಪು ಬೇಡ. ದೊಡ್ಡದಾಗಿ ನೋಡುವಾಗ ಚೆನ್ನಾಗಿಯೇ ಕಾಣುತ್ತದೆ. ಫೋನಿನಲ್ಲಿ ಚಿತ್ರ ಹೆಬ್ಬೆರಳಿನ ಗಾತ್ರಕ್ಕೆ ಇಳಿದಾಗ ಗೆರೆಯ ಕಪ್ಪು ಪಕ್ಕದ ಬಣ್ಣದ ಜೊತೆ ಬೆರೆತು ಇಡೀ ಬೊಂಬೆ ಕೊಳೆಯಾದಂತೆ ಕಾಣುತ್ತದೆ. ಗೆರೆ ಬೇಕೇ ಬೇಕೆಂದರೆ ನೆರಳಿನ ಬಣ್ಣವನ್ನೇ ಇನ್ನೂ ಸ್ವಲ್ಪ ಕಪ್ಪು ಮಾಡಿ ಬಳಸಿ.

ಬಣ್ಣ ತುಂಬುವಾಗ `Fill and Stroke` ಒಳಗೆ ಸ್ವಾಚ್ ಮಾಡಿಕೊಂಡು ತುಂಬಿ. ಆ ಫೈಲಿನಲ್ಲಿ ಕೆಂಪು ಇರುವ ಕಡೆಯೆಲ್ಲ ಅದೇ ಸ್ವಾಚ್ ಇದ್ದರೆ, ಮುಂದೆ ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ.

ಫಿಲ್ಟರ್ ಹಾಕಿಯೇ ಮಾಡುತ್ತೇನೆ ಎನ್ನುವವರಿಗೆ

ಇನ್ನೂರು ಬೊಂಬೆಗಳಿವೆ, ಒಂದೊಂದನ್ನೂ ಬಿಡಿಸುತ್ತ ಕೂರಲು ಆಗಲ್ಲ ಅಲ್ವಾ? ಆಗ ಫೋಟೊವನ್ನು ಚಿತ್ರ ಮಾಡುವ ಫಿಲ್ಟರ್ ಬಳಸಬಹುದು. ಈ ಫಿಲ್ಟರ್‌ಗಳು ಬಣ್ಣವನ್ನು ತಮ್ಮ ಶೈಲಿಗೆ ಎಳೆದುಕೊಳ್ಳುತ್ತವೆ. ಅದನ್ನು ವಾಪಸ್ ತರುವ ದಾರಿ ಹೀಗೆ: ಗಿಂಪ್‌ನಲ್ಲಿ ಫಿಲ್ಟರ್ ಮಾಡಿದ ಚಿತ್ರ ಕೆಳಗಿನ ಲೇಯರ್, ಗ್ರೇ ಕಾರ್ಡಿನಿಂದ ಸರಿಮಾಡಿದ ಫೋಟೊ ಮೇಲಿನ ಲೇಯರ್. ಮೇಲಿನ ಲೇಯರಿಗೆ ಸ್ವಲ್ಪ ಬ್ಲರ್ ಕೊಟ್ಟು, ಮೋಡನ್ನು `LCh Color` ಎಂದು ಬದಲಿಸಿ. ಗೆರೆ, ಛಾಯೆಗಳು ಚಿತ್ರದ್ದೇ ಉಳಿಯುತ್ತವೆ, ಬಣ್ಣ ಫೋಟೊದಿಂದ ಬರುತ್ತದೆ.

ಇದಕ್ಕೆ ಎರಡು ಮಿತಿಗಳಿವೆ. ಫಿಲ್ಟರ್ ಆಕಾರವನ್ನು ಸ್ವಲ್ಪ ಸರಿಸಿದ್ದರೂ ಬಣ್ಣ ಅಂಚಿನಾಚೆ ಚೆಲ್ಲುತ್ತದೆ. ಇನ್ನೊಂದು, ಈ ಮೋಡ್ ಬೆಳಕಿನ ಮಟ್ಟವನ್ನು ಮುಟ್ಟುವುದಿಲ್ಲ. ಫಿಲ್ಟರ್ ಹಳದಿಯನ್ನು ಬೆಳ್ಳಗೆ ಮಾಡಿದ್ದರೆ ಅದು ಬೆಳ್ಳಗೇ ಉಳಿಯುತ್ತದೆ. ಚಿತ್ರದ ಲೇಯರಿನಲ್ಲಿ ಆ ಭಾಗವನ್ನು ಆರಿಸಿ, L ನಿಮ್ಮ ಪ್ಯಾಲೆಟ್ಟಿನ ಸಂಖ್ಯೆಗೆ ಬರುವ ತನಕ ಕರ್ವ್ಸ್‌ನಿಂದ ಇಳಿಸಬೇಕು. ಪಟ್ಟಿಗಳ ಲೆಕ್ಕವನ್ನೂ ನೋಡಿಕೊಳ್ಳಿ, ಕೆಲವು ಫಿಲ್ಟರ್‌ಗಳು ಮೂರು ಪಟ್ಟಿ ಇದ್ದಲ್ಲಿ ಎರಡು ಮಾಡಿಬಿಡುತ್ತವೆ.

ಬಣ್ಣ ಸರಿ ಬಂದಿದೆಯೇ ಎಂದು ನೋಡುವುದು

ಸ್ಕ್ರೀನಿನ ನೈಟ್ ಲೈಟ್, ಐ ಕಂಫರ್ಟ್, ಟ್ರೂ ಟೋನ್ ಎಲ್ಲ ಆಫ್ ಮಾಡಿ. ಕಿಟಕಿ ಹತ್ತಿರ ನಿಜವಾದ ಬುಗುರಿಯನ್ನು ಸ್ಕ್ರೀನಿನ ಪಕ್ಕ ಹಿಡಿದು ನೋಡಿ. ಇದಕ್ಕಿಂತ ಕಠಿಣವಾದ ಇನ್ನೊಂದು ಪರೀಕ್ಷೆ ಇದೆ. ಅಂಗಡಿಯಲ್ಲಿರುವ ಹತ್ತಿರದ ಬಣ್ಣದ ನಾಲ್ಕೈದು ಬೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಆಕಾರದಿಂದ ಗೊತ್ತಾಗಬಾರದು, ಆದ್ದರಿಂದ ಚಿತ್ರದಲ್ಲಿ ಮೈಯ ಒಂದು ತುಂಡನ್ನು ಮಾತ್ರ ಕಾಣುವಂತೆ ದೊಡ್ಡದು ಮಾಡಿ. ಈ ಕೆಲಸದಲ್ಲಿ ಇಲ್ಲದ ಯಾರನ್ನಾದರೂ ಕರೆದು “ಇದು ಯಾವ ಬೊಂಬೆ?” ಎಂದು ಕೇಳಿ. ತಡವರಿಸದೆ ಸರಿಯಾದದ್ದನ್ನು ತೋರಿಸಿದರೆ ಬಣ್ಣ ಗೆದ್ದಿದೆ. ನೀವೇ ನೋಡಿದರೆ ಆಗುವುದಿಲ್ಲ, ಗಂಟೆಗಟ್ಟಲೆ ನೋಡಿದ ಕಣ್ಣು ಏನು ಕಂಡರೂ ಒಪ್ಪಿಬಿಡುತ್ತದೆ.

ಅವರು ತಪ್ಪು ಬೊಂಬೆ ತೋರಿಸಿದರೆ ಮೊದಲು ಹಿನ್ನೆಲೆ ನೋಡಿ. ಹಸಿರು ಹಿನ್ನೆಲೆಯ ಮೇಲೆ ಕೆಂಪು ಇದ್ದದ್ದಕ್ಕಿಂತ ಜಾಸ್ತಿ ಕೆಂಪಾಗಿ ಕಾಣುತ್ತದೆ. ಇಡೀ ಕ್ಯಾಟಲಾಗಿಗೆ ತಿಳಿ ಬೂದು ಅಥವಾ ಸ್ವಲ್ಪ ಮಾಸಿದ ಬಿಳಿ, ಒಂದೇ ಹಿನ್ನೆಲೆ ಸಾಕು. ಹಿನ್ನೆಲೆ ಸರಿಯಿದ್ದರೆ ನೆರಳಿನ ಜಾಗ ಕಡಿಮೆ ಮಾಡಿ ನೋಡಿ. ಮೂಲ ಬಣ್ಣದ ಸಂಖ್ಯೆಗೆ ಕೈಹಾಕುವುದು ಕೊನೆಗೆ.

ಹೊರಗೆ ಕಳಿಸುವಾಗ

ಚಿತ್ರವನ್ನು ಪಿಎನ್‌ಜಿ ಆಗಿ, sRGB ಯಲ್ಲಿ ಇಡಿ. ಜೆಪೆಗ್ ಬೇಕೇ ಬೇಕೆಂದರೆ ಗಿಂಪ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ `Subsampling` ಎಂಬುದನ್ನು 4:4:4 ಮಾಡಿ. ಬೇರೆ ಆಯ್ಕೆಗಳಲ್ಲಿ ಕೆಂಪಿನ ಅಂಚು ಮಸುಕಾಗಿ ಹರಡುತ್ತದೆ. ವಾಟ್ಸಾಪಿನಲ್ಲಿ ಪ್ರೆಸ್ಸಿಗೋ ಗ್ರಾಹಕರಿಗೋ ಕಳಿಸುವಾಗ ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ.

ಮುದ್ರಣದ ಕಥೆ ಬೇರೆ. ಸ್ಕ್ರೀನಿನಲ್ಲಿ ಬೆಳಗುವ ಕಿತ್ತಳೆ, ಹಸಿರು, ಗಾಢ ನೀಲಿ ನಾಲ್ಕು ಬಣ್ಣದ ಶಾಯಿಯಲ್ಲಿ ಅಷ್ಟೇ ಗಾಢವಾಗಿ ಬರುವುದಿಲ್ಲ. ಪ್ರೆಸ್ಸಿನವರ ಬಳಿ ಒಂದು ಪ್ರೂಫ್ ತೆಗೆಸಿ, ಬೊಂಬೆಯನ್ನೂ ತೆಗೆದುಕೊಂಡು ಹೋಗಿ, ಅಂಗಡಿಯ ಹೊರಗೆ ನೆರಳಿನಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಟ್ಯೂಬ್‌ಲೈಟ್ ಕೆಳಗೆ ಒಪ್ಪಿಗೆ ಕೊಡಬೇಡಿ.

ಇನ್ನೊಂದು ಮಾತು ಬೊಂಬೆಗಳ ಬಗ್ಗೆಯೇ. ಗಿಡಮೂಲದ ಬಣ್ಣ ಹಾಕಿದ ಅರಗು ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಹೋದ ಸಲದ ಹಳದಿಗೂ ಈ ಸಲದ ಹಳದಿಗೂ ವ್ಯತ್ಯಾಸ ಇರುತ್ತದೆ. ಹಾಗಾಗಿ ಮೂಲ ಬಣ್ಣವನ್ನು ಒಂದೇ ಬುಗುರಿಯಿಂದ ಅಳೆಯಬೇಡಿ. ಮೂರು ಬುಗುರಿಗಳಿಂದ ಅಳೆದು ನಡುವಿನದನ್ನು ಹಾಕಿ. ಅರಗಿನ ಎಳೆ, ಮರದ ಗೆರೆ ಇವನ್ನು ಚಿತ್ರ ತೋರಿಸುವುದಿಲ್ಲ, ಆದ್ದರಿಂದ ಪ್ರತಿ ಚಿತ್ರದ ಜೊತೆ ಸರಿಮಾಡಿದ ಒಂದು ಫೋಟೊವನ್ನೂ ಚಿಕ್ಕದಾಗಿ ಹಾಕಿ. ಹೊಸ ಮಾಲು ಬಂದಾಗ ಅದೇ ಕಿಟಕಿ, ಅದೇ ಕಾರ್ಡ್ ಇಟ್ಟು ಮತ್ತೆ ಅಳೆಯಿರಿ. L, C, h ಯಾವುದಾದರೂ ಐದಕ್ಕಿಂತ ಹೆಚ್ಚು ಬದಲಾಗಿದ್ದರೆ ಸ್ವಾಚ್ ತಿದ್ದಿ ಚಿತ್ರವನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಅದಕ್ಕಿಂತ ಕಡಿಮೆ ಇದ್ದರೆ ಹಳೆಯ ಚಿತ್ರವೇ ನಡೆಯುತ್ತದೆ.